ಶುಕ್ರವಾರ ಹೋದವರು ಶುಕ್ರವಾರವೇ ಮರಳಬೇಕು

ಹೆರಿಗೆ ರಜೆ ಎಷ್ಟು ಎಂದು ಕೇಳಿದರೆ ‘ಆರು ತಿಂಗಳು’ ಎನ್ನುವವರೇ ಹೆಚ್ಚು. ಕಾನೂನು ಮಾತ್ರ ತಿಂಗಳಲ್ಲಿ ಎಣಿಸುವುದಿಲ್ಲ, ವಾರದಲ್ಲಿ ಎಣಿಸುತ್ತದೆ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ಸಿಗುವುದು 26 ವಾರ. ಅದರಲ್ಲಿ ಹೆರಿಗೆಯ ನಿರೀಕ್ಷಿತ ದಿನಕ್ಕೆ ಮೊದಲು ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು.

ಖಾಸಗಿ ಕಂಪನಿಯೊಂದರ ಅಕೌಂಟೆಂಟ್‌ಗೆ ಇದು ಚೊಚ್ಚಲ ಹೆರಿಗೆ, ವೈದ್ಯರು ಕೊಟ್ಟ ದಿನ 2026ರ ಜುಲೈ 17, ಶುಕ್ರವಾರ ಎಂದಿಟ್ಟುಕೊಳ್ಳಿ. ಎಂಟು ವಾರವೆಂದರೆ 56 ದಿನ. ಅಷ್ಟು ಹಿಂದೆ ಹೋದರೆ ಮೇ 22. ಅದಕ್ಕಿಂತ ಮೊದಲು ಈ ರಜೆ ಶುರುವಾಗದು. 26 ವಾರವೆಂದರೆ 182 ದಿನ. ಮೇ 22ಕ್ಕೆ 182 ಕೂಡಿಸಿದರೆ ನವೆಂಬರ್ 20.

ಎಡವುವುದು ಇಲ್ಲೇ. ನವೆಂಬರ್ 20 ರಜೆಯ ಕೊನೆಯ ದಿನವಲ್ಲ, ಕೆಲಸಕ್ಕೆ ಹಾಜರಾಗುವ ದಿನ. ಮೇ 22 ಕೂಡ ರಜೆಯ ಲೆಕ್ಕಕ್ಕೆ ಸೇರುವುದರಿಂದ ರಜೆ 19ಕ್ಕೇ ಮುಗಿಯುತ್ತದೆ. ‘ಆರು ತಿಂಗಳು’ ಎಂದು ಎಣಿಸಿದವರು 21ರವರೆಗೂ ಮನೆಯಲ್ಲೇ ಉಳಿದು, 20ರಂದು ಗೈರುಹಾಜರಿ ಹಾಕಿಸಿಕೊಂಡಿರುತ್ತಾರೆ. ಲೆಕ್ಕ ಸರಿಯಿದೆಯೇ ಎಂದು ನೋಡಲು ಸುಲಭದ ಗುರುತೊಂದಿದೆ: 182 ಏಳರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಹಾಗಾಗಿ ರಜೆ ಶುರುವಾದ ವಾರವೇ ಮರಳುವ ವಾರ. ಶುಕ್ರವಾರ ಹೋದವರಿಗೆ ಗುರುವಾರವೋ ಶನಿವಾರವೋ ಬಂದಿದ್ದರೆ ಎಣಿಕೆ ಒಂದು ದಿನ ತಪ್ಪಿದೆ. ಶುಕ್ರವಾರ ಮನೆಮಗಳನ್ನು ಕಳಿಸಬಾರದೆನ್ನುವ ಅಜ್ಜಿಯರು ಇದನ್ನು ಒಪ್ಪುತ್ತಾರೋ ಇಲ್ಲವೋ, ಕ್ಯಾಲೆಂಡರ್ ಒಪ್ಪುತ್ತದೆ.

ಎಕ್ಸೆಲ್‌ನಲ್ಲಿ ಹೆರಿಗೆಯ ನಿರೀಕ್ಷಿತ ದಿನವನ್ನು A1ರಲ್ಲಿ ಬರೆದು, ಶುರುವಿನ ದಿನವನ್ನು A2ರಲ್ಲಿ, ಮರಳುವ ದಿನವನ್ನು A3ರಲ್ಲಿ ಪಡೆಯಬಹುದು:

```
A2: =A1-56
A3: =A2+182
```

ಭಾನುವಾರಗಳನ್ನು ಕಳೆಯಬೇಕೇ? ಕೊಯಮತ್ತೂರಿನ ಕಾರ್ಮಿಕ ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿನವರೆಗೆ ಹೋದ ತೋಟದ ಕೂಲಿ ಮಹಿಳೆಯೊಬ್ಬರ ಪ್ರಕರಣ ಇದೇ ಪ್ರಶ್ನೆಯದ್ದು. ಮಾಲೀಕರು ಹೆರಿಗೆ ಭತ್ಯೆಯಿಂದ ಭಾನುವಾರಗಳನ್ನು ಬಿಟ್ಟಿದ್ದರು. ವಾರವೆಂದರೆ ಭಾನುವಾರವೂ ಸೇರಿ ಏಳು ದಿನ ಎಂದು 1977ರಲ್ಲಿ ತೀರ್ಪಾಯಿತು. ಆದ್ದರಿಂದ ಭಾನುವಾರಕ್ಕೂ ಸಂಬಳವುಂಟು, ಅದು ರಜೆಯ ಎಣಿಕೆಗೂ ಸೇರುತ್ತದೆ.

ಮಗುವಿಗೇನು ಕ್ಯಾಲೆಂಡರ್ ಗೊತ್ತೇ! ಹತ್ತು ದಿನ ತಡವಾಗಿ ಜುಲೈ 27ಕ್ಕೆ ಹೆರಿಗೆಯಾಯಿತೆನ್ನಿ. ಒಟ್ಟು 182 ಹಿಗ್ಗುವುದಿಲ್ಲ, ಮರಳುವ ದಿನ ನವೆಂಬರ್ 20 ಆಗಿಯೇ ಉಳಿಯುತ್ತದೆ. ಹೆರಿಗೆಯ ದಿನದಿಂದ ಮಗುವಿನ ಜತೆ ಸಿಗಬೇಕಿದ್ದ 126 ದಿನ 116ಕ್ಕೆ ಇಳಿಯುತ್ತದೆ, ಅಷ್ಟೇ. ಅದಕ್ಕೇ ಮೈಯಲ್ಲಿ ತ್ರಾಣವಿದ್ದವರು ತಡವಾಗಿ ಹೊರಡುತ್ತಾರೆ. ಜುಲೈ 10ಕ್ಕೆ ರಜೆ ಹಾಕಿದರೆ ಮರಳುವುದು 2027ರ ಜನವರಿ 8ಕ್ಕೆ.

ಎರಡು ಮಕ್ಕಳು ಬದುಕಿರುವ ತಾಯಿಗೆ ಮುಂದಿನ ಹೆರಿಗೆಯಲ್ಲಿ 12 ವಾರ ಮಾತ್ರ, ಅದರಲ್ಲಿ ಮೊದಲೇ ತೆಗೆದುಕೊಳ್ಳಬಹುದಾದದ್ದು ಆರು. ಅದೇ ಜುಲೈ 17ಕ್ಕೆ ಅವರ ರಜೆ ಶುರುವಾಗುವುದು ಜೂನ್ 5ಕ್ಕೆ, ಮರಳುವುದು ಆಗಸ್ಟ್ 28ಕ್ಕೆ. ಎರಡೂ ಶುಕ್ರವಾರವೇ.