ನಲವತ್ತೆಂಟು ನಿಮಿಷದ ತಪ್ಪು

ಕರ್ನಾಟಕದ ಎಸ್ಎಸ್ಎಲ್‌ಸಿ ಗಣಿತ ಪತ್ರಿಕೆ 80 ಅಂಕಗಳದ್ದು. ಬರೆಯುವುದಕ್ಕೆ ಮೂರು ಗಂಟೆ, ಪ್ರಶ್ನೆಪತ್ರಿಕೆ ಓದಿಕೊಳ್ಳುವುದಕ್ಕೆ ಹೆಚ್ಚುವರಿಯಾಗಿ 15 ನಿಮಿಷ. ಇಂಥ ಪರೀಕ್ಷೆಯಲ್ಲಿ ಹುಡುಗಿಯೊಬ್ಬಳು ಎಲ್ಲ ಪ್ರಶ್ನೆಗಳನ್ನೂ ಮುಗಿಸಿ, ಹೆಚ್ಚುವರಿ ಹಾಳೆಗಳನ್ನು ದಾರದಿಂದ ಕಟ್ಟಿ, ನೋಂದಣಿ ಸಂಖ್ಯೆ ಸರಿಯಾಗಿದೆಯೇ ಎಂದು ಎರಡು ಸಲ ನೋಡಿ ಕುಳಿತಿದ್ದಾಳೆ ಎಂದಿಟ್ಟುಕೊಳ್ಳೋಣ. ಇನ್ನು ಹತ್ತು ನಿಮಿಷ ಇದೆ ಎಂದು ಎಚ್ಚರಿಸುವ ಬೆಲ್ ಹೊಡೆದಿದೆ. ಅವಳು ಬರೆದದ್ದನ್ನು ಮೊದಲಿನಿಂದ ತಿರುವಿಹಾಕುತ್ತ ರೈಲಿನ ಲೆಕ್ಕದ ಪುಟಕ್ಕೆ ಬರುತ್ತಾಳೆ.

ಲೆಕ್ಕ ಹತ್ತನೇ ತರಗತಿಯವರಿಗೆಲ್ಲ ಪರಿಚಿತವಾದದ್ದೇ. ಒಂದು ರೈಲು 360 ಕಿಲೋಮೀಟರ್ ದೂರವನ್ನು ಒಂದೇ ವೇಗದಲ್ಲಿ ಕ್ರಮಿಸುತ್ತದೆ. ಅದರ ವೇಗ ಗಂಟೆಗೆ 5 ಕಿಲೋಮೀಟರ್ ಹೆಚ್ಚಿದ್ದಿದ್ದರೆ ಪ್ರಯಾಣಕ್ಕೆ ಒಂದು ಗಂಟೆ ಕಡಿಮೆ ಸಾಕಾಗುತ್ತಿತ್ತು. ಹಾಗಾದರೆ ರೈಲಿನ ವೇಗವೆಷ್ಟು? ಹುಡುಗಿ ವೇಗವನ್ನು x ಎಂದಿಟ್ಟುಕೊಂಡು 360/x − 360/(x + 5) = 1 ಎಂದು ಬರೆದಿದ್ದಾಳೆ. ಅದನ್ನು ಬಿಡಿಸಿ x² + 5x − 1800 = 0 ಎಂಬ ವರ್ಗಸಮೀಕರಣಕ್ಕೆ ಬಂದಿದ್ದಾಳೆ. ಅಪವರ್ತಿಸಿ, ವೇಗ ಋಣಸಂಖ್ಯೆಯಾಗಲಾರದು ಎಂದು ಒಂದು ಮೂಲವನ್ನು ಬಿಟ್ಟು, ‘ರೈಲಿನ ವೇಗ ಗಂಟೆಗೆ 45 ಕಿ.ಮೀ.’ ಎಂದು ಕೊನೆಯ ಸಾಲಿನ ಕೆಳಗೆ ಸ್ಕೇಲಿನಿಂದ ಗೆರೆ ಎಳೆದಿದ್ದಾಳೆ.

ಈ ಪುಟವನ್ನು ಅವಳು ಅರ್ಧ ಗಂಟೆಯ ಹಿಂದೆಯೂ ಒಮ್ಮೆ ಓದಿದ್ದಳು. ಆಗ ತಪ್ಪೇನೂ ಕಂಡಿರಲಿಲ್ಲ. ತಾನೇ ಬರೆದದ್ದನ್ನು ಓದುವಾಗ ಕಣ್ಣು ಅಕ್ಷರದ ಮೇಲೆ ಹರಿದರೂ ಮನಸ್ಸು ಓದುವುದು ನೆನಪಿನಲ್ಲಿರುವುದನ್ನು. ಒಂದು ಸಾಲು ಹೇಗೆ ಹುಟ್ಟಿತೆಂಬುದು ಗೊತ್ತಿರುವುದರಿಂದ ಮುಂದಿನ ಸಾಲು ಸಹಜವಾಗಿಯೇ ಕಾಣುತ್ತದೆ. ಆದ್ದರಿಂದ ಗಣಿತದಲ್ಲಿ ಮೇಲಿನಿಂದ ಕೆಳಕ್ಕೆ ಮತ್ತೆ ಓದುವುದನ್ನು ತಾಳೆ ನೋಡುವುದು ಎನ್ನಲಾಗದು. ಸಿಕ್ಕ ಉತ್ತರವನ್ನು ಹಿಡಿದುಕೊಂಡು ಪ್ರಶ್ನೆಗೆ ವಾಪಸು ಹೋಗಬೇಕು. ಅದೂ ತಾನು ಬರೆದ ಸಮೀಕರಣಕ್ಕಲ್ಲ, ಪ್ರಶ್ನೆಯ ಮಾತುಗಳಿಗೇ ಹೋಗಬೇಕು. ಸಮೀಕರಣವನ್ನೇ ತಪ್ಪಾಗಿ ರಚಿಸಿದ್ದರೆ ತಪ್ಪು ಉತ್ತರವೂ ಅದಕ್ಕೆ ಚೆನ್ನಾಗಿ ಹೊಂದಿಕೊಂಡುಬಿಡುತ್ತದೆ.

ಈ ಬಾರಿ ಹುಡುಗಿ ಹಾಗೆಯೇ ಮಾಡುತ್ತಾಳೆ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ 360ನ್ನು 45ರಿಂದ ಭಾಗಿಸುತ್ತಾಳೆ. ಸರಿಯಾಗಿ 8 ಬರುತ್ತದೆ, ಶೇಷವಿಲ್ಲ. ಎಷ್ಟೋ ವಿದ್ಯಾರ್ಥಿಗಳು ಇಲ್ಲಿಗೇ ನಿಲ್ಲಿಸಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಭಾಗಾಕಾರ ಸಲೀಸಾಗಿ ಮುಗಿದರೆ ಉತ್ತರ ಸರಿಯಿದೆ ಎಂದು ಅನ್ನಿಸುವುದೂ ಸಹಜ. ಆದರೆ ಪ್ರಶ್ನೆಯಲ್ಲಿ ಎರಡು ಪ್ರಯಾಣಗಳಿವೆ. ವೇಗ 5 ಹೆಚ್ಚಾದರೆ 50. ಆಗ 360ನ್ನು 50ರಿಂದ ಭಾಗಿಸಬೇಕು. ಬರುವುದು 7.2 ಗಂಟೆ. ಎಂಟರಲ್ಲಿ ಅದನ್ನು ಕಳೆದರೆ ಉಳಿಯುವುದು 0.8 ಗಂಟೆ, ಅಂದರೆ 48 ನಿಮಿಷ. ಪ್ರಶ್ನೆ ಕೇಳಿದ್ದು 60 ನಿಮಿಷದ ವ್ಯತ್ಯಾಸ. ಹನ್ನೆರಡು ನಿಮಿಷ ಲೆಕ್ಕಕ್ಕೆ ಸಿಗುತ್ತಿಲ್ಲ.

ಇಂಥ ಹೊತ್ತಿನಲ್ಲಿ ಕೈ ತಾನಾಗಿಯೇ ಇಡೀ ಪುಟವನ್ನು ಹೊಡೆದುಹಾಕಲು ಹೊರಡುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಆಗುವ ನಿಜವಾದ ನಷ್ಟ ಬಹಳ ಸಲ ಇದೇ, ಮೂಲ ತಪ್ಪಿಗಿಂತಲೂ ದೊಡ್ಡದು. ಗಣಿತದ ಉತ್ತರಕ್ಕೆ ಹಂತ ಹಂತವಾಗಿ ಅಂಕ ಕೊಡುತ್ತಾರೆ. ಸಮೀಕರಣ ರಚಿಸಿದ್ದಕ್ಕೆ, ಅದನ್ನು ಸರಳಗೊಳಿಸಿದ್ದಕ್ಕೆ ಪ್ರತ್ಯೇಕ ಪಾಲಿರುತ್ತದೆ. ಗೀಟು ಎಳೆದು ತೆಗೆದುಹಾಕಿದ ಭಾಗವನ್ನು ಮೌಲ್ಯಮಾಪಕರು ಸಾಮಾನ್ಯವಾಗಿ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಹಳೆಯದನ್ನು ಪೂರ್ತಿ ಹೊಡೆದು, ಹೊಸದು ಮುಗಿಯುವ ಮೊದಲೇ ಉತ್ತರ ಪತ್ರಿಕೆ ಕೈಬಿಟ್ಟುಹೋದರೆ, ಸಿಗಬಹುದಾಗಿದ್ದ ಅಂಕವೂ ಹೋಯಿತು. ಮೊದಲು ತಪ್ಪು ಎಲ್ಲಿದೆ ಎಂದು ಹುಡುಕಬೇಕು, ಹೊಸದನ್ನು ಬರೆಯಬೇಕು, ಹಳೆಯದರ ಮೇಲೆ ಗೀಟು ಎಳೆಯುವುದು ಕೊನೆಗೆ.

ಹುಡುಕುವುದಕ್ಕೂ ಒಂದು ದಾರಿಯಿದೆ. ಅವಳು 45ನ್ನು ವರ್ಗಸಮೀಕರಣದಲ್ಲಿ ಆದೇಶಿಸುತ್ತಾಳೆ: 2025 + 225 − 1800. ಸೊನ್ನೆ ಬರಬೇಕಾದಲ್ಲಿ 450 ಬರುತ್ತದೆ. ಅಂದರೆ 45 ಈ ಸಮೀಕರಣದ ಮೂಲವೇ ಅಲ್ಲ, ತಪ್ಪು ಈ ಸಾಲಿನಿಂದ ಕೆಳಗೆಲ್ಲೋ ಆಗಿದೆ. ಒಂದು ವೇಳೆ ಸೊನ್ನೆಯೇ ಬಂದಿದ್ದರೆ ದೋಷ ಮೇಲೆ, ಸಮೀಕರಣ ರಚನೆಯಲ್ಲೋ ಅದನ್ನು ಬಿಡಿಸಿದ್ದರಲ್ಲೋ ಇದೆ ಎಂದಾಗುತ್ತಿತ್ತು. ಅದನ್ನು ಸರಿಪಡಿಸಲು ಹೆಚ್ಚು ಸಮಯ ಬೇಕು. ಅರ್ಧ ನಿಮಿಷದ ಈ ಒಂದು ಲೆಕ್ಕದಿಂದ ಹುಡುಕುವ ಜಾಗ ಅರ್ಧಕ್ಕೆ ಇಳಿಯಿತು.

ಕೆಳಗೆ ಉಳಿದಿರುವುದು ಮಧ್ಯಪದವನ್ನು ಒಡೆದ ಸಾಲು. ಗುಣಿಸಿದರೆ −1800, ಕೂಡಿದರೆ +5 ಬರುವ ಎರಡು ಸಂಖ್ಯೆಗಳು ಬೇಕು. ಅವಳು −45 ಮತ್ತು +40 ಎಂದು ಬರೆದಿದ್ದಾಳೆ. ಗುಣಲಬ್ಧ ಸರಿಯಾಗಿಯೇ ಇದೆ, ಮೊತ್ತ ಮಾತ್ರ −5 ಆಗಿದೆ. ಬೇಕಾಗಿದ್ದದ್ದು +45 ಮತ್ತು −40. ಚಿಹ್ನೆಗಳು ಅದಲುಬದಲಾಗಿವೆ, ಅಷ್ಟೆ. 360ನ್ನು 45ರಿಂದ ಭಾಗಿಸಿದಾಗ ಎಂಟು ಯಾಕೆ ಅಷ್ಟು ಚೆಂದವಾಗಿ ಬಂತೆಂಬುದೂ ಈಗ ತಿಳಿಯುತ್ತದೆ. ನಿಜವಾದ ವೇಗ 40, ಹೆಚ್ಚಿಸಿದ ವೇಗ 45. ಅವಳ ತಪ್ಪು ಉತ್ತರ ಅದೇ ಲೆಕ್ಕದೊಳಗಿನ ಇನ್ನೊಂದು ಸರಿಯಾದ ಸಂಖ್ಯೆ. ಚಿಹ್ನೆಯ ತಪ್ಪಿನಿಂದ ಹುಟ್ಟುವ ಉತ್ತರಗಳು ಹೀಗೆ ಮನೆಯವರಂತೆಯೇ ಕಾಣುವುದರಿಂದ ಅರ್ಧ ತಾಳೆಯಲ್ಲಿ ಸಿಕ್ಕಿಬೀಳುವುದಿಲ್ಲ.

ಇಷ್ಟು ಗೊತ್ತಾದ ಮೇಲೂ ತಿದ್ದಲು ಒಂದು ಅಳುಕು ಇರುತ್ತದೆ. ‘ಮೊದಲು ಬರೆದದ್ದೇ ಸರಿ ಇರುತ್ತೆ, ಕೊನೇ ಗಳಿಗೆಯಲ್ಲಿ ತಿದ್ದೋಕೆ ಹೋಗ್ಬೇಡ’ ಎಂಬ ಮಾತನ್ನು ಮನೆಯಲ್ಲೂ ಶಾಲೆಯಲ್ಲೂ ಕೇಳದ ಮಕ್ಕಳು ವಿರಳ. ಈ ನಂಬಿಕೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಜಸ್ಟಿನ್ ಕ್ರೂಗರ್, ಡೆರಿಕ್ ವಿರ್ಟ್ಸ್ ಮತ್ತು ಡೇಲ್ ಮಿಲ್ಲರ್ ಎಂಬ ಮನೋವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿರದೈನೂರಕ್ಕೂ ಹೆಚ್ಚು ಉತ್ತರ ಪತ್ರಿಕೆಗಳ ಅಳಿಸಿದ ಗುರುತುಗಳನ್ನು ಪರಿಶೀಲಿಸಿದ್ದರು. ತಿದ್ದಿದ ಉತ್ತರಗಳಲ್ಲಿ ಸುಮಾರು ಅರ್ಧದಷ್ಟು ತಪ್ಪಿನಿಂದ ಸರಿಗೆ ಬಂದಿದ್ದವು. ಸರಿಯಿಂದ ತಪ್ಪಿಗೆ ಹೋದವು ಕಾಲು ಭಾಗ ಮಾತ್ರ. ಉಳಿದವು ಒಂದು ತಪ್ಪಿನಿಂದ ಇನ್ನೊಂದು ತಪ್ಪಿಗೆ. ಆದರೂ ಆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೊದಲ ಉತ್ತರಕ್ಕೇ ಅಂಟಿಕೊಳ್ಳಬೇಕೆಂದು ನಂಬಿದ್ದರು. ಸರಿಯಿದ್ದುದನ್ನು ಕೈಯಾರೆ ಕೆಡಿಸಿಕೊಂಡ ಹೊಟ್ಟೆಯುರಿ ಬಹುಕಾಲ ನೆನಪಿರುತ್ತದೆ, ತಿದ್ದಿ ಗಳಿಸಿದ ಅಂಕ ಮರೆತುಹೋಗುತ್ತದೆ ಎಂಬುದು ಅವರು ಕಂಡುಕೊಂಡ ಕಾರಣ.

ಆ ಅಧ್ಯಯನ ಬಹುಆಯ್ಕೆ ಪ್ರಶ್ನೆಗಳದ್ದು. ಪುಟಗಟ್ಟಲೆ ಬರೆಯುವ ಉತ್ತರಕ್ಕೆ ಅದನ್ನು ಹಾಗೆಯೇ ಅನ್ವಯಿಸಲಾಗದು, ಸುಮ್ಮನೆ ಬಂದ ಅನುಮಾನಕ್ಕೆಲ್ಲ ಉತ್ತರ ಬದಲಿಸಬೇಕೆಂದೂ ಅದು ಹೇಳುವುದಿಲ್ಲ. ಹುಡುಗಿಯ ಕೈಯಲ್ಲಿರುವುದು ಅನುಮಾನವಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ 48 ನಿಮಿಷ ಅವಳ ಎದುರಿಗಿದೆ.

ಇನ್ನು ಆರು ನಿಮಿಷ. ವರ್ಗಸಮೀಕರಣದವರೆಗಿನ ಭಾಗವನ್ನು ಅವಳು ಹಾಗೆಯೇ ಬಿಡುತ್ತಾಳೆ. ಕೆಳಗೆ ಜಾಗವಿಲ್ಲದ್ದರಿಂದ ಮುಂದಿನ ಖಾಲಿ ಪುಟದಲ್ಲಿ ಪ್ರಶ್ನೆಯ ಸಂಖ್ಯೆ ಹಾಕಿ, ‘ಮುಂದುವರಿದಿದೆ’ ಎಂದು ಬರೆದು, ಸಮೀಕರಣವನ್ನು ಮತ್ತೊಮ್ಮೆ ನಕಲು ಮಾಡುತ್ತಾಳೆ. ನಂತರ ನಾಲ್ಕೇ ಸಾಲು:

x² + 45x − 40x − 1800 = 0
x(x + 45) − 40(x + 45) = 0
(x + 45)(x − 40) = 0
x = −45 ಅಥವಾ x = 40

ರೈಲಿನ ವೇಗ ಗಂಟೆಗೆ 40 ಕಿ.ಮೀ. ಗೆರೆ ಎಳೆಯುವ ಮೊದಲು ಮತ್ತೆ ಪ್ರಶ್ನೆಗೆ ಹೋಗುತ್ತಾಳೆ. 360ನ್ನು 40ರಿಂದ ಭಾಗಿಸಿದರೆ 9, 45ರಿಂದ ಭಾಗಿಸಿದರೆ 8. ವ್ಯತ್ಯಾಸ ಒಂದು ಗಂಟೆ. ಆಮೇಲೆ ಹಿಂದಿನ ಪುಟಕ್ಕೆ ತಿರುಗಿ, ಮಧ್ಯಪದ ಒಡೆದ ಸಾಲಿನಿಂದ ಕೆಳಗಿನದಕ್ಕೆ ಮಾತ್ರ ಒಂದೇ ಓರೆಗೀಟು ಎಳೆದು, ಮುಂದಿನ ಪುಟ ನೋಡಿ ಎಂದು ಪಕ್ಕದಲ್ಲಿ ಬರೆಯುತ್ತಾಳೆ. ಮೇಲ್ವಿಚಾರಕರು ಮೊದಲ ಸಾಲಿನಿಂದ ಉತ್ತರ ಪತ್ರಿಕೆಗಳನ್ನು ಸಂಗ್ರಹಿಸುತ್ತ ಬರುವಾಗ ಅವಳು ಅಂಚಿನಲ್ಲಿದ್ದ 48ನ್ನು ರಬ್ಬರಿನಿಂದ ಅಳಿಸುತ್ತಿದ್ದಾಳೆ.