ಕೆಂಪು ಅಕ್ಷರ, ಬಿಳಿ ಹಿನ್ನೆಲೆ
ಪರದೆಯ ಮೇಲಿನ ಅಕ್ಷರವನ್ನು ಓದಲು ಅದರ ಬಣ್ಣಕ್ಕಿಂತ ಮುಖ್ಯವಾದುದು ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅಂತರ. ದೃಷ್ಟಿ ಮಂದವಾದವರಿಗೆ ಈ ಅಂತರ ಸಾಲದಿದ್ದರೆ ಅಕ್ಷರ ಹಿನ್ನೆಲೆಯಲ್ಲೇ ಕರಗುತ್ತದೆ. ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಮಟ್ಟದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಅದು ಕನಿಷ್ಠ 4.5:1 ಇರಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು.

ಒಂದು ಅರ್ಜಿಯಲ್ಲಿ ತಪ್ಪನ್ನು ಅಚ್ಚ ಕೆಂಪಿನಲ್ಲಿ (`#FF0000`), ಸರಿಯನ್ನು ಹಸಿರಿನಲ್ಲಿ (`#008000`) ಬರೆದಿದೆ ಎನ್ನೋಣ. ಬಿಳಿಯ ಮೇಲೆ ಹಸಿರಿಗೆ 5.1 ಸಿಗುತ್ತದೆ. ಕಣ್ಣಿಗೆ ಹೊಡೆಯುವಂತಿದ್ದರೂ ಕೆಂಪಿಗೆ ಸಿಗುವುದು ಸುಮಾರು 4 ಮಾತ್ರ, ಅದು ಅನುತ್ತೀರ್ಣ! ಛಾಯೆ ಬದಲಿಸಬೇಕಿಲ್ಲ, ತುಸು ಗಾಢಗೊಳಿಸಿ `#CC0000` ಮಾಡಿದರೆ 5.9 ಆಗುತ್ತದೆ.

ಆದರೂ ಕೆಲಸ ಅರ್ಧವಷ್ಟೇ ಮುಗಿದಿದೆ. ಈ ಕೆಂಪು, ಹಸಿರುಗಳ ನಡುವಿನ ಅಂತರ ಬರೀ 1.15. ಕೆಂಪು-ಹಸಿರು ವರ್ಣಾಂಧತೆ ಇರುವವರಿಗೆ ಎರಡೂ ಮಾಸಲು ಕಂದಿನಂತೆ ಕಾಣಬಹುದು. ಪರದೆಯನ್ನು ಕಪ್ಪು-ಬಿಳುಪಿಗೆ ತಿರುಗಿಸಿದರೆ ಈ ದೋಷ ತಕ್ಷಣ ಬಯಲಾಗುತ್ತದೆ. ಇದಕ್ಕೆ ಇನ್ನಷ್ಟು ಬಣ್ಣ ಹುಡುಕುವುದು ವ್ಯರ್ಥ; ಸಂದೇಶದ ಮುಂದೆ ‘ತಪ್ಪು’, ‘ಸರಿ’ ಎಂಬ ಪದವನ್ನೋ ಬೇರೆ ಬೇರೆ ಆಕಾರದ ಗುರುತನ್ನೋ ಇಡಬೇಕು. ಗಾಢ ಹಿನ್ನೆಲೆಯ ವಿನ್ಯಾಸಕ್ಕೆ ಈ ಲೆಕ್ಕವನ್ನೆಲ್ಲ ಹೊಸದಾಗಿ ಮಾಡಬೇಕಾಗುತ್ತದೆ.