ಹೊಸ ಟೈರು: ಸಾವಿರ ಕಿಲೋಮೀಟರಿಗೆ ಎಷ್ಟು ಬೀಳುತ್ತೆ?

ಅಮೃತಾಪುರದಿಂದ ತರೀಕೆರೆಗೆ ದಿನಾ ಸ್ಕೂಟರಲ್ಲಿ ಹೋಗಿ ಬರೋರಿಗೆ ಹತ್ತಿರ ಹತ್ತಿರ 20 ಕಿಲೋಮೀಟರ್. ತಿಂಗಳಿಗೆ 25 ದಿನ ಓಡಾಡಿದರೆ 500. ಹಿಂದಿನ ಟೈರು ಸವೆದಿದೆ, ಅಂಗಡಿಯವರು ಎರಡು ಟೈರು ತೋರಿಸಿದರು ಅಂದ್ಕೊಳ್ಳಿ. ಒಂದು 1,500 ರೂಪಾಯಿ, ಇನ್ನೊಂದು 1,200. ಯಾವುದು ಅಗ್ಗ?

ಬೆಲೆಗೆ ಮೊದಲು ಹಾಕೋ ಕೂಲಿ, ಹೊಸ ವಾಲ್ವ್ ಸೇರಿಸಿ. 150 ಅಂತಿಟ್ಟುಕೊಳ್ಳೋಣ. ಒಟ್ಟನ್ನು ಟೈರು ಎಷ್ಟು ಸಾವಿರ ಕಿಲೋಮೀಟರ್ ಬಾಳುತ್ತೋ ಅಷ್ಟರಿಂದ ಭಾಗಿಸಿ.

ಮೊದಲನೇದು 15,000 ಓಡಿದರೆ, 1,650 ಭಾಗಿಸು 15: ಸಾವಿರಕ್ಕೆ 110 ರೂಪಾಯಿ. ಎರಡನೇದು 9,000ಕ್ಕೇ ಸವೆದರೆ, 1,350 ಭಾಗಿಸು 9: 150 ರೂಪಾಯಿ! ಬೇಗ ಸವೆಯೋ ಟೈರಿಗೆ ಕೂಲಿಯನ್ನೂ ಬೇಗ ಬೇಗ ಕೊಡಬೇಕು, ನೋಡಿ.

ಆದರೆ ಬಾಳಿಕೆ ಎಷ್ಟು ಅಂತ ಗೊತ್ತಾಗೋದು ಹೇಗೆ? ಅಂಗಡಿಯವರ ಮಾತಿಗಿಂತ ನಿಮ್ಮ ಹಳೇ ಟೈರಿನ ಲೆಕ್ಕ ನಂಬಿ. ಅದಿಲ್ಲದಿದ್ದರೆ ಹೊಸದು ಹಾಕಿಸಿದ ದಿನವೇ ಮೀಟರ್ ಓದಿ ಬರೆದಿಡಿ, ಟೈರಿನ ನಡುವಿನ ತೋಡಿನ ಆಳ ಅಳೆಯಿರಿ. 5.8 ಮಿಲಿಮೀಟರ್ ಇತ್ತು ಅನ್ನಿ. ದ್ವಿಚಕ್ರ ವಾಹನಕ್ಕೆ ಕನಿಷ್ಠ 0.8 ಉಳಿದಿರಬೇಕು, ಹಾಗಾಗಿ ಸವೆಸೋಕೆ ಸಿಗೋದು 5. ಮೂರು ಸಾವಿರ ಕಿಲೋಮೀಟರಿಗೆ ಒಂದು ಮಿಲಿಮೀಟರ್ ಹೋದರೆ, ಬಾಳಿಕೆ ಸುಮಾರು 15,000.

ಗಾಳಿ ಕಮ್ಮಿ ಇಟ್ಟು ಓಡಿಸಿದರೆ ಅಂಚುಗಳು ಮೊದಲೇ ಸವೆದು ಈ ಲೆಕ್ಕ ಕೆಡುತ್ತೆ. ತಿಂಗಳಿಗೆ ನೂರೇ ಕಿಲೋಮೀಟರ್ ಓಡಿಸೋರಿಗಂತೂ 15,000 ಮುಟ್ಟೋಕೆ ಹನ್ನೆರಡೂವರೆ ವರ್ಷ ಬೇಕು. ಅಷ್ಟರೊಳಗೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತೆ. ಅವರು ನಿಜವಾಗಿ ಓಡಿಸೋ ಕಿಲೋಮೀಟರಿನಿಂದಲೇ ಭಾಗಿಸಬೇಕು.